ನಾಳೆಗೂ ಬಾಳೆಗೂ ನಡುವೆ ಒಂದು ಹೆಬ್ಬೆರಳು

ಉಮಕ್ಕನ ಹೋಟೆಲಿನ ಅಡುಗೆಮನೆಯ ಗೋಡೆಯಲ್ಲಿ ಗಡಿಯಾರವೊಂದು ಇತ್ತು. ಆದರೂ ಅವಳು ಹೊತ್ತನ್ನು ಅಳೆಯುತ್ತಿದ್ದದ್ದು ನೀರುದೋಸೆಯಿಂದ. ಕಾವಲಿಗೆ ಹಿಟ್ಟು ಹೊಯ್ದು, ಮುಚ್ಚಳ ಮುಚ್ಚಿ, ಅಂಚಿನಿಂದ ಹಬೆ ಹೊರಡುವವರೆಗಿನದು ಒಂದು ದೋಸೆಯ ಹೊತ್ತು. ಹಾಲಿನವನು ಬಂದು ಎಷ್ಟು ಹೊತ್ತಾಯಿತು ಎಂದು ಕೇಳಿದರೆ "ಆರು ದೋಸೆ ಆಯ್ತು" ಎನ್ನುವಳು. ಕೇಳಿದವರು ನಗುವರು, ಆದರೆ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಹೋಟೆಲು ಇರುವುದು ಪುಣೆಯ ಯೆರವಡಾದಲ್ಲಿ, ಗಾಜಿನ ಕಟ್ಟಡಗಳ ಬೆನ್ನಿಗಿರುವ ಒಂದು ಓಣಿಯಲ್ಲಿ. ಉಮಾವತಿ ಮದುವೆಯಾಗಿ ಮುಲ್ಕಿಯಿಂದ ಇಲ್ಲಿಗೆ ಬಂದಾಗ ಆ ಕಟ್ಟಡಗಳೂ ಇರಲಿಲ್ಲ, ಓಣಿಗೆ ಹೆಸರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳ ಅಣ್ಣನ ಮಗ ಕುಶಲ ಬಂದು ದುಡ್ಡಿನ ಗಲ್ಲೆಯಲ್ಲಿ ಕೂತ. ಗಲ್ಲೆ ಅವನದು, ಕಾವಲಿ ಅವಳದು. ಮನೆಯೊಳಗೆ ತುಳು, ಹೋಟೆಲಿನಲ್ಲಿ ಕೆಲಸದವರಿಗೂ ತಿಳಿಯಲಿ ಎಂದು ಕನ್ನಡ, ಬಾಗಿಲು ದಾಟಿದರೆ ಮರಾಠಿ.

ಸಾಮಾನು ತರಿಸುವ ಕೆಲಸ ಮಾತ್ರ ಮೊದಲಿನಿಂದಲೂ ಉಮಕ್ಕನದೇ. ಅವಳು ಓದಿದ್ದು ನಾಲ್ಕನೆಯ ತರಗತಿ, ಅದೂ ಅರ್ಧ. ಆದರೆ ಯಾವ ವಾರ ಎಷ್ಟು ಕಾಯಿ ಬಂತು, ಯಾವ ಮಳೆಗಾಲ ಕೊತ್ತಂಬರಿ ಸಿಗಲಿಲ್ಲ, ಎಲ್ಲ ತಲೆಯಲ್ಲಿ ಇತ್ತು. ಹಿಂದೆ ಬಾಯಲ್ಲಿ ಹೇಳಿದರೆ ಸಾಕಿತ್ತು. ಈಗ ಫೋನಿನಲ್ಲಿ ಬರೆಯಬೇಕು. ಮಾತನಾಡಿದರೆ ಇತ್ತ ಗ್ರೈಂಡರಿನ ಗದ್ದಲ, ಅತ್ತ ಮಾರ್ಕೆಟ್ ಯಾರ್ಡಿನ ಹರಾಜಿನ ಕೂಗು, ಒಬ್ಬರದು ಒಬ್ಬರಿಗೆ ಕೇಳಿಸುವುದಿಲ್ಲ. ಆದ್ದರಿಂದ ಅವಳು ಕಲಿತಳು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗಿ ಮೂಡುವ ಕೀಬೋರ್ಡನ್ನು ಕುಶಲ ಹಾಕಿಕೊಟ್ಟಿದ್ದ. ಬಿ, ಎ, ಎ, ಎಲ್, ಇ ಒತ್ತಿ ಜಾಗ ಬಿಟ್ಟರೆ 'ಬಾಳೆ' ಎಂದು ಮೂಡುವುದು. ಮೊದಲ ದಿನ ಅದನ್ನು ನೋಡಿ ಅವಳಿಗೆ ಹೂವು ಅರಳಿದ್ದನ್ನು ನೋಡಿದಷ್ಟು ಸಂತೋಷವಾಗಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ತಾಯಪ್ಪನ ಸಂದೇಶ ಬಂತು. ತಾಯಪ್ಪ ಕಲಬುರಗಿ ಕಡೆಯವನು. ತೆಂಗಿನಕಾಯಿ, ಬಾಳೆ ಎಲೆಗಳನ್ನು ಮಾರ್ಕೆಟ್ ಯಾರ್ಡಿನಿಂದ ತನ್ನ ಮೂರು ಗಾಲಿಯ ಟೆಂಪೋದಲ್ಲಿ ತಂದುಕೊಡುವವನು. 'ಅಕ್ಕಾರ, ನಾಳೆ ಕಾಯಿ ತರ್ಲೇನು' ಎಂದು ಕೇಳಿದ್ದ. ಹೋಟೆಲಿನಲ್ಲಿ ಇನ್ನೂ ಕಾಯಿ ಇತ್ತು. ಉಮಕ್ಕ 'ನಾಳೆ ಬೇಡ' ಎಂದು ಬರೆದು ಕಳಿಸಿ, ದೋಸೆ ತೆಗೆಯಲು ಹೋದಳು.

ಶನಿವಾರ ತಾಯಪ್ಪ ನೂರು ಕಾಯಿ ತಂದು ಸುರಿದು ಹೋದ. ಸಂದೇಶ ನೋಡಿರಲಿಕ್ಕಿಲ್ಲ ಎಂದುಕೊಂಡು ಅವಳು ಸುಮ್ಮನಾದಳು. ಕಾಯಿ ಕೆಡುವ ವಸ್ತುವಲ್ಲ.

ಭಾನುವಾರ ಆರು ಗಂಟೆಗೆ ಎಲೆ ಬರಬೇಕಿತ್ತು. ಎಂಟಾದರೂ ಬರಲಿಲ್ಲ. ಆ ಹೋಟೆಲಿನ ಭಾನುವಾರದ ಊಟ ಎಂದರೆ ಬಾಳೆ ಎಲೆಯ ಮೇಲೆಯೇ ಆಗಬೇಕು. ಕುಚ್ಚಲಕ್ಕಿ ಅನ್ನ, ಕಡಲೆ ಗಸಿ, ತಂಬುಳಿ, ಕೊನೆಗೆ ಹೆಸರುಬೇಳೆ ಪಾಯಸ. ದೂರ ದೂರದಿಂದ ಬರುವವರೆಲ್ಲ ಎಲೆಗಾಗಿ ಬರುವವರು. ಕುಶಲ ಫೋನ್ ಮಾಡಿದ. ತಾಯಪ್ಪ ಸಿಕ್ಕಿದ್ದು ಹತ್ತೂವರೆಗೆ.

"ಏನ್ ತಾಯಪ್ಪ, ಎಲೆ ಎಲ್ಲಿ ಮಾರಾಯ?"

"ಎಲಿ ಬ್ಯಾಡ ಅಂದೀರಲ್ರಿ."

"ಯಾರು ಅಂದದ್ದು?"

"ಅಕ್ಕಾರಽ ಬರದಾರ. 'ಬಾಳೆ ಬೇಡ' ಅಂತ. ನಾ ಕಾಯಿ ತರ್ಲೇನು ಅಂತ ಕೇಳಿದ್ರ, ಬಾಳೆ ಬ್ಯಾಡ ಅಂದ್ರು. ಹಂಗಂದ್ರ ಕಾಯಿ ತಾ, ಎಲಿ ಬ್ಯಾಡ ಅಂತ ನಾ ತಿಳಕೊಂಡೆ. ತಪ್ಪೇನ್ರಿ?"

ಕುಶಲ ಒಳಗೆ ಬಂದು ಅತ್ತೆಯ ಫೋನು ತೆಗೆದು ನೋಡಿದ. ಸಂದೇಶ ಹಾಗೆಯೇ ಕೂತಿತ್ತು. ಬಾಳೆ ಬೇಡ.

ಅಂದು ಊಟ ಸ್ಟೀಲಿನ ತಟ್ಟೆಯಲ್ಲಾಯಿತು. ಕೆಲವರು ಬೇಗ ಬೇಗ ಉಂಡು ಎದ್ದರು. ಪ್ರತಿ ವಾರ ಬರುವ ಮರಾಠಿ ಮುದುಕರೊಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು "ಕಾಕೂ, ಆಜ್ ಪಾನ ನಾಹೀ?" ಎಂದು, ಎಲೆ ಇಲ್ಲವೇ ಎಂದು, ಮಗುವಿನ ಹಾಗೆ ಕೇಳಿದರು. ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಉಮಕ್ಕನಿಗೆ ಅನ್ನಿಸಿತು.

ಮೂರು ಗಂಟೆಗೆ ಬಾಗಿಲು ಅರ್ಧ ಎಳೆದ ಮೇಲೆ ಕುಶಲ ಒಂದು ಲೋಟ ಚಹಾ ತಂದು ಅವಳ ಮುಂದಿಟ್ಟ. ಅವನು ಬೈಯುವವನಲ್ಲ. ಅದೇ ಕಷ್ಟ.

"ಅತ್ತೆ, ನಾಳೆಯಿಂದ ಈ ಫೋನು ಗಲ್ಲೆಯಲ್ಲೇ ಇರ್ಲಿ. ನಾನು ಎರಡು ಕೈಯಲ್ಲಿ ಟಪಟಪ ಬರೀತೇನೆ. ನಿಮಗೂ ತಲೆನೋವಿಲ್ಲ."

"ನನಗೆ ತಲೆನೋವು ಉಂಟು ಅಂತ ಯಾರು ಹೇಳಿದ್ದು?"

"ಹಾಗಲ್ಲ. ನೀವು ದೋಸೆ ನೋಡಿಕೊಳ್ಳಿ ಸಾಕು, ಅಂದದ್ದು."

ದೋಸೆ ನೋಡಿಕೊಳ್ಳಿ ಸಾಕು. ಒಳ್ಳೆಯ ಮಾತೇ. ಆದರೆ ಕಾವಲಿ ಇರುವುದು ಗೋಡೆಗೆ ಮುಖ ಮಾಡಿ. ತಾಯಪ್ಪನ ಮಗಳು ಪರೀಕ್ಷೆ ಪಾಸಾದದ್ದು, ಮೀನಿನವಳ ಮೊಣಕಾಲು ನೋವು, ಐಟಿ ಆಫೀಸಿನ ಹುಡುಗಿಯರು 'ಆಂಟಿ, ಬನ್ಸ್ ಇದ್ಯಾ' ಎಂದು ಕೇಳುವುದು, ಎಲ್ಲವೂ ಆ ಫೋನಿನ ಮೂಲಕವೇ ಗೋಡೆ ದಾಟಿ ಅವಳಿದ್ದಲ್ಲಿಗೆ ಬರುತ್ತಿದ್ದವು. ಅದು ಗಲ್ಲೆಗೆ ಹೋದರೆ ಉಳಿಯುವುದು ಗೋಡೆಯೇ.

"ಬರುವ ಭಾನುವಾರದವರೆಗೆ ನನ್ನ ಹತ್ತಿರವೇ ಇರ್ಲಿ," ಎಂದಳು. "ಆವಾಗಲೂ ತಪ್ಪಿದರೆ ನಾನೇ ತಂದು ನಿನ್ನ ಗಲ್ಲೆಯಲ್ಲಿ ಇಡ್ತೇನೆ."

ಕುಶಲ ತಲೆ ಕೆರೆದುಕೊಂಡ. "ಆಯ್ತು. ಆದ್ರೆ ಹೇಗೆ ತಪ್ಪಿತು ಅಂತಲಾದ್ರೂ ಗೊತ್ತಾಗ್ಬೇಕಲ್ಲ?"

ಇಬ್ಬರೂ ಕೂತು ನೋಡಿದರು. ಇಂಗ್ಲಿಷ್ ಅಕ್ಷರಗಳ ಕೆಳಗಿನ ಸಾಲಿನಲ್ಲಿ ಬಿ ಮತ್ತು ಎನ್ ಅಕ್ಕಪಕ್ಕ. ಎನ್ ಒತ್ತುವಲ್ಲಿ ಬೆರಳು ಬಿ ಮೇಲೆ ಬಿದ್ದಿತ್ತು. ನಾಳೆ ಹೋಗಿ ಬಾಳೆಯಾಗಿತ್ತು. ಬೇರೆ ಭಾಷೆಯಾಗಿದ್ದರೆ ಅದು ಅರ್ಥವಿಲ್ಲದ ಪದವಾಗಿ, ಓದುವವನಿಗೆ ಸಂಶಯ ಬರುತ್ತಿತ್ತು. ಕನ್ನಡದವರಿಗೆ ಎರಡೂ ಸರಿಯಾದ ಮಾತು. ಅದರಲ್ಲೂ ಎಲೆ ಮಾರುವವನಿಗೆ ಬಾಳೆಯೇ ಮೊದಲು ಕಾಣುವುದು.

ಅಕ್ಷರಗಳೂ ಸರಿಯಾಗಿ ಕಾಣುತ್ತಿರಲಿಲ್ಲ. ಕುಶಲನ ಮಗಳು ಯಶ್ಮಿತಾ, ಹತ್ತು ವರ್ಷದವಳು, ರಜೆಯಲ್ಲಿ ತಾನೂ ಅಜ್ಜಿಯೂ ಕಡಲತೀರದಲ್ಲಿ ನಿಂತ ಫೋಟೋವನ್ನು ಕೀಬೋರ್ಡಿನ ಹಿಂದೆ ಥೀಮ್ ಮಾಡಿ ಹಾಕಿದ್ದಳು. ಮರಳಿನ ಮೇಲೆ ಬಿಳಿ ಅಕ್ಷರ. ಕೀಲಿಗಳಿಗೆ ಅಂಚಿಲ್ಲ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದೂ ಇಲ್ಲ. ಎನ್ ಎಂಬುದು ಸರಿಯಾಗಿ ಯಶ್ಮಿತಾಳ ಬಿಳಿ ಫ್ರಾಕಿನ ಮೇಲೆ ಕೂತಿತ್ತು.

"ಇದನ್ನು ತೆಗೀಬೇಕು ಅತ್ತೆ."

"ಮಗು ಬೇಜಾರು ಮಾಡಿಕೊಂಡೀತು."

"ಕೇಳುವ," ಎಂದು ಕುಶಲ ಕೂಗಿ ಕರೆದ. ಯಶ್ಮಿತಾ ಬಂದು, ವಿಷಯ ಕೇಳಿ, ದೊಡ್ಡವರ ಹಾಗೆ ಸೊಂಟದ ಮೇಲೆ ಕೈಯಿಟ್ಟಳು.

"ಅಜ್ಜಿ, ನಿಮಗೆ ಕಾಣುದಿಲ್ಲ ಅಂತ ಮೊದಲೇ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ? ಒಂದು ವರ್ಷ ಸುಮ್ಮನೆ ಇದ್ರಲ್ಲ!"

"ನೀನು ಹಾಕಿದ್ದಲ್ವಾ, ಹಾಗೆ."

"ಫೋಟೋನ ಫೋನ್ ತೆರೆದ ಕೂಡಲೇ ಬರುವ ಹಾಗೆ ಹಾಕ್ತೇನೆ. ಅಲ್ಲಿ ನನ್ನ ಮೇಲೆ ಯಾರೂ ಒತ್ತುದಿಲ್ಲ."

ಫೋಟೋ ಅಲ್ಲಿಗೆ ಹೋಯಿತು. ಕುಶಲ ಸೆಟ್ಟಿಂಗ್ಸಿಗೆ ಹೋಗಿ ಕಪ್ಪು ಥೀಮು ಹಾಕಿದ. ಅಲ್ಲೇ ಕೀಬೋರ್ಡಿನ ಎತ್ತರ ಎಂದು ಇತ್ತು. ಗಿಡ್ಡದರಿಂದ ಹಿಡಿದು ಬಲು ಎತ್ತರದವರೆಗೆ ಸಾಲಾಗಿ ಹಲವು ಅಳತೆ. ಅವನು ಕೊನೆಯದನ್ನೇ ಒತ್ತಿದ. "ದೊಡ್ಡದಾದಷ್ಟು ಒಳ್ಳೆಯದು ಅತ್ತೆ. ಇನ್ನು ಕಣ್ಣು ಮುಚ್ಚಿ ಬರೆದ್ರೂ ತಪ್ಪುದಿಲ್ಲ."

ಮರುದಿನ ಬೆಳಿಗ್ಗೆ ಕಾವಲಿಯ ಮುಂದೆ ನಿಂತಾಗ ಅವಳಿಗೆ ಎರಡು ಸಂಗತಿ ತಿಳಿದವು. ಕಿಟಕಿಯ ಬಿಸಿಲು ಬಿದ್ದರೆ ಕಪ್ಪು ಕೀಬೋರ್ಡು ಕನ್ನಡಿಯಾಗುತ್ತದೆ. ಅಕ್ಷರದ ಬದಲು ತನ್ನ ಮೂಗೇ ಕಾಣುತ್ತದೆ. ಎರಡನೆಯದು, ಕೀಬೋರ್ಡು ಅರ್ಧ ಪರದೆಯನ್ನು ನುಂಗಿ, ಎದುರಿನವರು ಏನು ಕೇಳಿದ್ದಾರೆ ಎಂಬುದೇ ಮೇಲಕ್ಕೆ ಹೋಗಿ ಮರೆಯಾಗುತ್ತದೆ. ಮೀನಿನವಳು ಬಂಗುಡೆಯೋ ಅಂಜಲೋ ಎಂದು ಕೇಳಿದ್ದಳು. ಉತ್ತರ ಬರೆಯುವಾಗ ಪ್ರಶ್ನೆ ಕಾಣಲಿಲ್ಲ. ಉಮಕ್ಕ 'ಹೌದು' ಎಂದು ಬರೆದಳು. ಮೀನಿನವಳು ಎರಡನ್ನೂ ತಂದಳು.

"ಇದೆಂತ ಅತ್ತೆ?" ಎಂದ ಕುಶಲ.

"ಹೊಟ್ಟೆಗೆ ಎರಡೂ ಒಳ್ಳೆಯದೇ," ಎಂದಳು. ಆದರೆ ಮನಸ್ಸಿನಲ್ಲಿ ಭಾನುವಾರಕ್ಕೆ ಆರು ದಿನ ಎಂದು ಎಣಿಸಿದಳು.

ಮಂಗಳವಾರ ಬೆಳಿಗ್ಗೆ ಇಂಪನಾ ಬಂದಳು. ಮೈಸೂರಿನ ಹುಡುಗಿ, ಹಿಂದಿನ ಗಾಜಿನ ಕಟ್ಟಡದಲ್ಲಿ ಕೆಲಸ. ವಾರದಲ್ಲಿ ನಾಲ್ಕು ದಿನ ಇಲ್ಲೇ ತಿಂಡಿ. ತಾಯಪ್ಪನೂ ಆಗಷ್ಟೇ ಬಂದು, ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಉಮಕ್ಕನನ್ನು ಕಂಡದ್ದೇ ಅವನು ಶುರು ಮಾಡಿದ.

"ಅಕ್ಕಾರ, ಬಾಳೆ ಸಿಗೋಣ್ರಿ! ಅಲ್ಲ, ನಾಳೆ ಸಿಗೋಣ್ರಿ!"

"ನಗು ನಗು. ನಿನ್ನ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಬೀಳ್ತದೆ ನೋಡು."

"ಏನಾಯ್ತು ಆಂಟಿ?" ಎಂದು ಇಂಪನಾ ಕೇಳಿದಳು. ಕಥೆ ಕೇಳಿ ಅವಳು ನಕ್ಕು, ಕೂಡಲೇ ನಾಲಿಗೆ ಕಚ್ಚಿಕೊಂಡಳು. "ಸಾರಿ ಆಂಟಿ. ನಂಗೂ ಹಿಂಗೇ ಆಗ್ತಿತ್ತು. ಬಸ್ಸಲ್ಲಿ ಒಂದ್ ಕೈಲಿ ಕಂಬಿ ಹಿಡ್ಕೊಂಡು, ಇನ್ನೊಂದ್ ಕೈಲಿ ಟೈಪ್ ಮಾಡ್ತಿದ್ದೆ. ಆ ಕಡೆ ಅಕ್ಷರಕ್ಕೆ ಬೆರಳು ಎಟುಕ್ತಾನೇ ಇರ್ಲಿಲ್ಲ. ಆಮೇಲೆ ಒನ್-ಹ್ಯಾಂಡೆಡ್ ಮೋಡ್ ಹಾಕ್ಕೊಂಡೆ. ಕೊಡಿ ಇಲ್ಲಿ."

ಉಮಕ್ಕ ಕೈ ತೊಳೆದು, ಸೆರಗಿಗೆ ಒರಸಿ, ಮೇಜಿನ ಬಳಿ ಕೂತಳು. ಇಂಪನಾ ಕೀಬೋರ್ಡಿನ ಮೇಲಿನ ಎಡ ಮೂಲೆಯ ನಾಲ್ಕು ಚೌಕಗಳ ಗುರುತನ್ನು ಒತ್ತಿದಳು. ಒಳಗೆ ಸಣ್ಣ ಸಣ್ಣ ಚಿತ್ರಗಳು. ಅದರಲ್ಲೊಂದನ್ನು ಒತ್ತಿದೊಡನೆ ಅಗಲವಾಗಿದ್ದ ಕೀಬೋರ್ಡು ಕುಗ್ಗಿ ಬಲಗಡೆಗೆ ಸರಿದು ನಿಂತಿತು. ಎಡಗಡೆ ಒಂದು ಖಾಲಿ ಪಟ್ಟಿ ಉಳಿಯಿತು.

"ನೋಡಿ, ಈಗ ಎಲ್ಲಾ ಅಕ್ಷರ ಹೆಬ್ಬೆರಳಿನ ಹತ್ರಾನೇ ಬಂತು. ಬರೀರಿ."

ಉಮಕ್ಕ ಫೋನನ್ನು ಬಲಗೈಯಲ್ಲಿ ಹಿಡಿದು 'ನಾಳೆ' ಎಂದು ಬರೆದಳು. ನಾಳೆಯೇ ಬಂತು. ಹತ್ತು ಸಲ ಬರೆದಳು, ಹತ್ತು ಸಲವೂ ನಾಳೆ. ತಾಯಪ್ಪ ಹಣಕಿ ನೋಡಿ, "ಭಾಳ ಛಲೋ ಆತು. ಇನ್ನ ನನಗ ನಗಾಕ ಏನೂ ಉಳೀಲಿಲ್ಲ," ಎಂದು ಎದ್ದು ಹೋದ.

ಆದರೆ ಬುಧವಾರ ಕಾವಲಿಯ ಮುಂದೆ ಎಲ್ಲ ತಲೆಕೆಳಗಾಯಿತು. ಎನ್ ಮೊದಲಿಗಿಂತ ದೂರ ಹೋಗಿತ್ತು. ಹೆಬ್ಬೆರಳು ಬಿ ತನಕವೂ ಹೋಗದೆ ವಿ ಮೇಲೆ ಬೀಳುತ್ತಿತ್ತು. ಹಾಲಿನವನಿಗೆ 'ನಾಲ್ಕು' ಎಂದು ಬರೆಯಲು ಹೋದರೆ ಯಾವ ಭಾಷೆಯದೂ ಅಲ್ಲದ ಒಂದು ಪದ ಬಂತು. ಅಳಿಸಿ ಬರೆದು, ಅಳಿಸಿ ಬರೆದು, ನಾಲ್ಕು ಎಂಬ ಒಂದು ಮಾತಿಗೆ ನಾಲ್ಕು ದೋಸೆಯ ಹೊತ್ತು ಹಿಡಿಯಿತು; ನಾಲ್ಕನೆಯದು ಸೀದೂ ಹೋಯಿತು. ಸೀದ ವಾಸನೆಗೆ ಕುಶಲ ಹಣಕಿದ. ಕಿಟಕಿ ಪೂರ್ತಿ ತೆರೆದಿಟ್ಟು ಹೋದ. ಭಾನುವಾರಕ್ಕೆ ಇನ್ನು ನಾಲ್ಕೇ ದಿನ ಎಂದು ಅವಳು ಎಣಿಸಿದಳು.

ಮೇಜಿನ ಮುಂದೆ ಸರಿಬಂದದ್ದು ಕಾವಲಿಯ ಮುಂದೆ ಯಾಕೆ ಬರುವುದಿಲ್ಲ? ತನಗೆ ವಯಸ್ಸಾಯಿತು ಎನ್ನುವುದು ಸುಲಭದ ಉತ್ತರ. ಉಮಕ್ಕನಿಗೆ ಸುಲಭದ ಉತ್ತರದಲ್ಲಿ ನಂಬಿಕೆ ಕಡಿಮೆ. ಹಿಟ್ಟು ಹುಳಿಯಾದರೆ ಹವೆಯನ್ನು ಬೈಯುವ ಮೊದಲು ಪಾತ್ರೆ ನೋಡುವವಳು ಅವಳು. ಈಗ ತನ್ನ ಕೈಯನ್ನೇ ನೋಡತೊಡಗಿದಳು.

ಗುರುವಾರ ಬೆಳಗಿನ ಗದ್ದಲ ಇಳಿದ ಮೇಲೆ, ಯಾವ ಸಂದೇಶವೂ ಇಲ್ಲದಿದ್ದರೂ, ಬರೆಯುವವಳ ಹಾಗೆ ಫೋನು ಎತ್ತಿಕೊಂಡಳು. ಬಲಗೈಯಲ್ಲಿ ಸೌಟು. ಬೆರಳ ಸಂದಿಯಲ್ಲೆಲ್ಲ ಅಕ್ಕಿಹಿಟ್ಟಿನ ನೀರು. ಫೋನು ಇರುವುದು ಎಡಗೈಯಲ್ಲಿ! ಮೊಣಕೈ ಹಿಟ್ಟಿನ ಡಬ್ಬಿಗೆ ಒರಗಿದೆ, ಹೆಬ್ಬೆರಳು ಎಡದಿಂದ ಬಲಕ್ಕೆ ಚಾಚಿದೆ. ಮೇಜಿನ ಮುಂದೆ ಕೈ ತೊಳೆದು ಕೂತಾಗ ಮಾತ್ರ ಫೋನು ಬಲಗೈಗೆ ಹೋಗುತ್ತದೆ. ಆ ಹುಡುಗಿ ಸರಿ ಮಾಡಿದ್ದು ಕೂತ ಉಮಾವತಿಗೆ. ದೋಸೆ ಹೊಯ್ಯುವ ಉಮಾವತಿಯನ್ನು ಅವಳು ನೋಡಿಯೇ ಇರಲಿಲ್ಲ. ತಾನಾದರೂ ಎಲ್ಲಿ ನೋಡಿದ್ದಳು? ವರ್ಷಗಟ್ಟಲೆ ಎಡ ಹೆಬ್ಬೆರಳಲ್ಲಿ ಬರೆದೂ ಅದು ತನಗೇ ಗೊತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸತು ನೆನಪಾಯಿತು. ಈ ಅಡುಗೆಮನೆಯಲ್ಲಿ ಆಗ ಹಿಟ್ಟಿನ ಪಾತ್ರೆ ಕಾವಲಿಯ ಎಡಕ್ಕೆ ಇತ್ತು. ಪ್ರತಿ ದೋಸೆಗೂ ಮೈ ತಿರುಗಿಸಬೇಕು. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಗಂಡನ ತಾಯಿ ಅತ್ತೆಮ್ಮನವರಿಗೆ ಹೇಳಲು ಹೆದರಿ ಮೂರು ತಿಂಗಳು ಹಾಗೆಯೇ ತಳ್ಳಿದ್ದಳು. ಕೊನೆಗೆ ಒಂದು ದಿನ ಯಾರೂ ಇಲ್ಲದಾಗ ಪಾತ್ರೆಯನ್ನು ಎತ್ತಿ ಬಲಕ್ಕೆ ಇಟ್ಟಳು. ಅತ್ತೆಮ್ಮ ಬಂದು ನೋಡಿ, "ಇಷ್ಟು ದಿನ ಯಾಕೆ ತಡೆದದ್ದು?" ಎಂದಷ್ಟೇ ಕೇಳಿದ್ದರು.

ಕೀಬೋರ್ಡಿನ ಎಡಬದಿಯ ಖಾಲಿ ಪಟ್ಟಿಯಲ್ಲಿ ಸಣ್ಣ ಗುರುತುಗಳಿದ್ದವು. ಇಂಪನಾ ಅವನ್ನು ಮುಟ್ಟಿರಲಿಲ್ಲ. ಒಂದು ಎಡಕ್ಕೆ ಮುಖ ಮಾಡಿದ ಬಾಣ. ಒತ್ತಿದರೆ ಏನಾದರೂ ಕೆಟ್ಟೀತೇ ಎಂದು ಒಂದು ಕ್ಷಣ ತಡೆದಳು. ಕೆಟ್ಟರೆ ಇಂಪನಾ ಇದ್ದಾಳೆ ಎಂದುಕೊಂಡು ಒತ್ತಿದಳು.

ಕೀಬೋರ್ಡು ಒಂದೇ ನೆಗೆತಕ್ಕೆ ಎಡಕ್ಕೆ ಬಂತು. ಖಾಲಿ ಪಟ್ಟಿ ಬಲಕ್ಕೆ ಹೋಯಿತು. ಬಾಣವೂ ಮುಖ ತಿರುಗಿಸಿತು.

ಉಮಕ್ಕ ಗಟ್ಟಿಯಾಗಿ ನಕ್ಕಳು. ಪಾತ್ರೆ ತೊಳೆಯುವವಳು ತಿರುಗಿ ನೋಡಿದಳು.

ಶುಕ್ರವಾರ ಇಂಪನಾ ಬಂದಾಗ ಉಮಕ್ಕ ಅವಳನ್ನು ಮೇಜಿನ ಬಳಿ ಬಿಡಲಿಲ್ಲ. "ಬಾ ಒಳಗೆ. ನಾನು ದೋಸೆ ಹೊಯ್ಯುವಾಗ ನೋಡು," ಎಂದು ಕಾವಲಿಯ ಪಕ್ಕ ಸ್ಟೂಲು ಹಾಕಿ ಕೂರಿಸಿದಳು. ಇಂಪನಾ ಎರಡು ದೋಸೆಯ ಹೊತ್ತು ನೋಡಿ, ಹಣೆ ಚಚ್ಚಿಕೊಂಡಳು.

"ಅಯ್ಯೋ, ಎಡಗೈ! ನಾನ್ ಕೇಳ್ಲೇ ಇಲ್ವಲ್ಲ. ಬಾಣ ನೀವೇ ಒತ್ತಿದ್ರಾ ಆಂಟಿ?"

"ಮತ್ತೆ? ಪಾತ್ರೆ ಅತ್ತಿಂದಿತ್ತ ಇಡ್ಲಿಕ್ಕೆ ಇಂಜಿನಿಯರ್ ಬೇಕಾ?"

"ಸರಿ ಬಿಡಿ, ನನ್ ಕೆಲಸಕ್ಕೇ ಕುತ್ತು. ಈಗ ಏನ್ ತೊಂದ್ರೆ?"

"ಬೆರಳು ಎಟುಕ್ತದೆ. ಆದ್ರೆ ಕೀಲಿ ಸಪೂರ ಆಯ್ತು. ಮತ್ತೆ ಮೇಲಿನ ಮಾತು ಕಾಣುದಿಲ್ಲ. ಬಿಸಿಲಿಗೆ ನನ್ನದೇ ಮೂಗು ಕಾಣ್ತದೆ."

"ಒಂದೊಂದೇ ನೋಡೋಣ. ಒಂದ್ ಕೈ ಮಾಡಿದ್ರೆ ಅಗಲ ಕಮ್ಮಿ ಆಗುತ್ತೆ ಆಂಟಿ, ಅದನ್ನ ತಪ್ಸಕ್ಕಾಗಲ್ಲ. ಎತ್ತರ ಜಾಸ್ತಿ ಇಟ್ರೆ ಸ್ವಲ್ಪ ಸರಿಹೋಗುತ್ತೆ. ಆದ್ರೆ ಇಷ್ಟೊಂದ್ ಎತ್ತರ ಯಾರಿಟ್ಟಿದ್ದು?"

"ಗಲ್ಲೆಯಲ್ಲಿ ಕೂತಿದ್ದಾನಲ್ಲ, ಅವನು."

"ಕೇಳಿಸ್ತುಂಟು ಅತ್ತೆ!" ಎಂದು ಹೊರಗಿನಿಂದ ಕುಶಲನ ದನಿ ಬಂತು.

ಎತ್ತರವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದರು. ಪ್ರತಿ ಸಲವೂ ಉಮಕ್ಕ ದೋಸೆ ಹೊಯ್ದು, ಒಂದು ಸಾಲು ಬರೆದು ನೋಡುವಳು. ತೀರ ಇಳಿಸಿದಾಗ ಬೆರಳು ಕೆಳಗಿನ ಸಾಲು ಬಿಟ್ಟು ಜಾಗ ಬಿಡುವ ಪಟ್ಟಿಗೆ ತಾಗಿತು, ಮತ್ತೆ ಏರಿಸಿದರು. ಸಾಧಾರಣಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿದಾಗ ಕೇಳಿದ ಪ್ರಶ್ನೆಯೂ ಕಂಡಿತು, ಕೀಲಿಯೂ ಸಿಕ್ಕಿತು. ಥೀಮುಗಳಲ್ಲಿ ಕೆಂಪು, ಹಸಿರು, ನವಿಲಿನ ಬಣ್ಣ ಎಲ್ಲ ಇದ್ದವು. ಉಮಕ್ಕ ತಿಳಿ ಬಣ್ಣದ ಒಂದು ಸಾದಾ ಥೀಮನ್ನು ತೋರಿಸಿದಳು. ಅದನ್ನು ಹಾಕುವಾಗ 'ಕೀಲಿಗಳಿಗೆ ಅಂಚು' ಎಂಬ ಗುಂಡಿಯನ್ನು ಇಂಪನಾ ತಿರುಗಿಸಿದಳು. ಪ್ರತಿ ಅಕ್ಷರವೂ ಒಂದೊಂದು ಚೌಕದೊಳಗೆ ಕೂತಿತು. ಬಿಯ ಮನೆ ಬೇರೆ, ಎನ್‌ನ ಮನೆ ಬೇರೆ, ನಡುವೆ ಬೇಲಿ.

"ಇನ್ನು ಬರೆದದ್ದನ್ನು ಕಳಿಸುವ ಮೊದಲು ಒಮ್ಮೆ ಓದ್ತೇನೆ," ಎಂದಳು ಉಮಕ್ಕ. "ಅದು ಸೆಟ್ಟಿಂಗಲ್ಲಿ ಇಲ್ಲ, ಅಲ್ವಾ?"

"ಇಲ್ಲ ಆಂಟಿ. ಅದು ನೀವೇ ಹಾಕ್ಕೋಬೇಕು."

ಆ ದಿನ ಮಧ್ಯಾಹ್ನವೆಲ್ಲ ಅವಳು ಅಭ್ಯಾಸ ಮಾಡಿದಳು. ಮೊದಲು ಹಳೆಯ ಗಿರಾಕಿಗಳ ಹೆಸರು. ಆಮೇಲೆ ಮುಲ್ಕಿಯ ಶಾಲೆಯಲ್ಲಿ ತನ್ನ ಬೆಂಚಿನಲ್ಲಿ ಕೂತಿದ್ದವರ ಹೆಸರು, ಎಡದಿಂದ ಬಲಕ್ಕೆ. ಒಂದನ್ನೂ ಮರೆತಿರಲಿಲ್ಲ. ಯಾರಿಗೂ ಕಳಿಸದೆ ಬರೆದು, ಓದಿ, ಅಳಿಸಿದಳು. ಸಂಜೆಯ ಹೊತ್ತಿಗೆ ಎರಡು ಸಾಲಿಗೆ ಒಂದು ದೋಸೆಯ ಹೊತ್ತು ಸಾಕಾಗುತ್ತಿತ್ತು.

ಶನಿವಾರ ಎಂಟೂವರೆ. ಆಫೀಸುಗಳಿಗೆ ರಜೆಯಿದ್ದರೂ ಹೋಟೆಲು ತುಂಬಿತ್ತು. ಕಾವಲಿಯ ಮೇಲೆ ದೋಸೆ, ಕೈಯಲ್ಲಿ ಸೌಟು, ಆಗ ಫೋನು ಮಿನುಗಿತು. ತಾಯಪ್ಪ.

'ಅಕ್ಕಾರ, ಮಾರ್ಕೆಟ್ ಯಾರ್ಡಿಗೆ ಎಲಿ ಇವತ್ತಽ ಬಂದಾವ. ನಾಳೆ ಗಾಡಿ ಬರೂದು ಖಾತ್ರಿ ಇಲ್ಲ ಅಂತಾರ. ಈಗ ತಗೊಳ್ಳೇನು, ನಾಳೆ ತನಕ ಕಾಯಲೇನು? ಲಗೂ ಹೇಳ್ರಿ, ಬ್ಯಾರೆ ಗಿರಾಕಿ ನಿಂತಾರ.'

ಕುಶಲ ಪಾರ್ಸೆಲ್ ಒಯ್ಯಲು ಒಳಗೆ ಬಂದವನು ಅದನ್ನು ಓದಿದ. "ಕೊಡಿ ಅತ್ತೆ, ನಾನು ಬರೀತೇನೆ," ಎಂದು ಕೈ ಚಾಚಿದ.

"ಇನ್ನೂ ಭಾನುವಾರ ಬರ್ಲಿಲ್ಲ," ಎಂದಳು ಉಮಕ್ಕ.

ಅವಳು ಹಿಟ್ಟು ಹೊಯ್ದಳು. ಮುಚ್ಚಳ ಮುಚ್ಚಿದಳು. ಎಡ ಅಂಗೈಯಲ್ಲಿ ಫೋನು, ಡಬ್ಬಿಗೆ ಒರಗಿದ ಮೊಣಕೈ. ಹೆಬ್ಬೆರಳು ಗಡಿಬಿಡಿಯಿಲ್ಲದೆ ಒಂದು ಚೌಕದಿಂದ ಇನ್ನೊಂದಕ್ಕೆ ಹೋಯಿತು. ಕುಶಲ ಹೆಗಲ ಮೇಲಿಂದ ನೋಡುತ್ತಿದ್ದ. ಬಿ ಬೇಕಾದಲ್ಲಿ ಬಿ, ಎನ್ ಬೇಕಾದಲ್ಲಿ ಎನ್. ಇಲ್ಲಿ ಒಂದು ಅದಲುಬದಲಾದರೆ ಹೋದ ವಾರದ ಕಥೆಯೇ. ಈ ಸಲ ತಾಯಪ್ಪನಿಗೂ ನಗು ಬರಲಾರದು, ಎಲೆ ಬೇರೆಯವರ ಟೆಂಪೋ ಹತ್ತಿರುತ್ತದೆ.

'ಬಾಳೆ ಇವತ್ತೇ ತಾ. ನಾಳೆ ಬೇಡ.'

ಅವಳು ಬಾಯಿ ಬಿಟ್ಟು ಓದಿದಳು, ನಿಧಾನವಾಗಿ, ಶಾಲೆಯಲ್ಲಿ ಓದುತ್ತಿದ್ದ ಹಾಗೆ ಪದಕ್ಕೊಂದು ತಲೆದೂಗಿ. ಆಮೇಲೆ ಕಳಿಸಿದಳು. ಮುಚ್ಚಳದ ಅಂಚಿನಿಂದ ಆಗಷ್ಟೇ ಹಬೆ ಹೊರಟಿತು. ದೋಸೆಯನ್ನು ತೆಗೆದು ಮಡಚಿ ತಟ್ಟೆಗೆ ಹಾಕಿದಳು.

ತಾಯಪ್ಪನ ಉತ್ತರ ಬಂತು: 'ಆತ್ರಿ. ಎಲಿ ತಗೊಂಡೆ. ಇವತ್ತು ಯಾರು ಬರದ್ರು, ಕುಶಲಣ್ಣಾ ಏನ್ರಿ?'

"ನೋಡಿ, ನನ್ನ ಹೆಸರು ಹೇಳ್ತಾನೆ," ಎಂದು ಕುಶಲ ನಕ್ಕ.

ಉಮಕ್ಕ ಇನ್ನೊಂದು ದೋಸೆ ಹೊಯ್ದು ಬರೆದಳು: 'ನಾನೇ. ಬೇಗ ಬಾ. ಚಹಾಕ್ಕೆ ಉಪ್ಪು ಹಾಕಿ ಇಟ್ಟಿದ್ದೇನೆ.'

ಎಲೆ ಹನ್ನೊಂದಕ್ಕೆ ಬಂತು. ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ಇಟ್ಟರು. ಭಾನುವಾರದ ಊಟಕ್ಕೆ ಅವು ಹರಿಯದೆ, ಬಾಡದೆ, ಮಿರಿಮಿರಿ ಹರಡಿಕೊಂಡವು. ಮರಾಠಿ ಮುದುಕರು ಬಾಗಿಲಿಗೆ ಬರಲಿಲ್ಲ. ಕೂತಲ್ಲಿಂದಲೇ ಎರಡು ಸಲ ತಂಬುಳಿ ಕೇಳಿ ಹಾಕಿಸಿಕೊಂಡರು.

ಮೂರು ಗಂಟೆಗೆ ಉಮಕ್ಕ ಫೋನು ಹಿಡಿದು ಗಲ್ಲೆಯ ಬಳಿ ಬಂದಳು. ಮಾತು ಮಾತೇ. ಹೇಳಿದ ದಿನ ಬಂದಿದೆ, ತೀರ್ಮಾನ ಅವನದು. ಕುಶಲ ಎರಡೂ ಕೈಯಲ್ಲಿ ಪಾಯಸದ ಬಟ್ಟಲುಗಳ ದೊಡ್ಡ ರಾಶಿ ಹೊತ್ತು ಒಳಗೆ ಹೋಗುತ್ತಿದ್ದವನು, ಅವಳನ್ನು ದಾಟಿಕೊಂಡೇ ಹೋದ.

"ಅತ್ತೆ, ನನ್ನ ಕೈ ತುಂಬ ಉಂಟು. ಗ್ಯಾಸಿನವನಿಗೆ ಒಂದು ಮೆಸೇಜು ಹಾಕಿಬಿಡಿ, ನಾಳೆ ಬೆಳಿಗ್ಗೆ ಎರಡು ಸಿಲಿಂಡರು ಅಂತ. ಮತ್ತೆ ನನ್ನ ಫೋನೂ ಅಲ್ಲೇ ಉಂಟು. ದುಡ್ಡು ಎಣಿಸುವಾಗ ಬರೀಲಿಕ್ಕೆ ಎರಡು ಕೈ ಸಿಗುದಿಲ್ಲ. ಪುರುಸೊತ್ತಾದಾಗ ಅದರ ಕೀಬೋರ್ಡನ್ನೂ ನಿಮ್ಮದರ ಹಾಗೆ ಮಾಡಿ ಕೊಡ್ತೀರಾ?"

"ನಿನಗೆ ಯಾವ ಕೈ?" ಎಂದು ಕೇಳಿದಳು ಉಮಕ್ಕ.

ಕುಶಲ ಬಟ್ಟಲುಗಳ ಹಿಂದಿನಿಂದ ಒಂದು ಕ್ಷಣ ಯೋಚಿಸಿದ. "ಗೊತ್ತಿಲ್ಲ ಅತ್ತೆ."

"ಹಾಗಾದ್ರೆ ನಾಳೆ ನೀನು ಗಲ್ಲೆಯಲ್ಲಿ ಕೂತಾಗ ನಾನು ಬಂದು ನೋಡ್ತೇನೆ," ಎಂದು ಅವಳು ಅಲ್ಲೇ ಕುರ್ಚಿ ಎಳೆದುಕೊಂಡು, ಗ್ಯಾಸಿನವನಿಗೆ ಬರೆಯತೊಡಗಿದಳು.